ಅಣಕದ ನಮಸ್ಕಾರಕ್ಕೆ ಏನೆಂದು ಉತ್ತರಿಸಬೇಕು?

(ಮುಂಬಯಿಯಲ್ಲಿ ಸಹಾಯವಾಣಿಯ ಕಾರ್ಯಕರ್ತರಿಗಾಗಿ ನಡೆದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ವಿದ್ಯಾರ್ಥಿವೇತನದ ಅರ್ಜಿ, ಆಸ್ಪತ್ರೆಯ ನೆರವು, ಒಂಟಿಯಾಗಿರುವ ವೃದ್ಧರ ಯೋಗಕ್ಷೇಮ ಮುಂತಾದ ವಿಷಯಗಳನ್ನು ಬೆಳಗಿನಿಂದ ಬಲ್ಲವರು ನಿಮಗೆ ವಿವರಿಸಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ತೀರ ಚಿಕ್ಕದು. ಕರೆಯ ಮೊದಲ ಹತ್ತು ಸೆಕೆಂಡುಗಳ ಬಗ್ಗೆ ಮಾತ್ರ ನಾನು ಮಾತನಾಡುತ್ತೇನೆ. ಅದರಲ್ಲಿಯೂ, ಕರೆ ಮಾಡಿದವರು ನಿಮ್ಮನ್ನು ಗೇಲಿ ಮಾಡುತ್ತಲೇ ಮಾತು ಆರಂಭಿಸಿದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಯಾವುದಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಇಂತಹ ಕರೆ ಬರುವುದೇ ಇಲ್ಲವೆಂದು ಯಾರೂ ಭಾವಿಸಬೇಡಿ. ಮೊದಲ ವಾರದಲ್ಲಿಯೇ ಬರುತ್ತದೆ. ‘ಓಹೋ, ಸಮಾಜೋದ್ಧಾರಕರು! ಅಂತೂ ಫೋನು ಎತ್ತಿದಿರಲ್ಲ, ಚುನಾವಣೆ ಹತ್ತಿರ ಬಂತೋ?’ ಎಂದು ಡೊಂಬಿವಲಿಯಿಂದಲೋ ಬೊರಿವಲಿಯಿಂದಲೋ ಹಿರಿಯರೊಬ್ಬರು ಕೇಳುತ್ತಾರೆ. ‘ಕ್ಯಾ ಸೇಠ್, ಆಜ್ ಕಿತನೋಂ ಕಾ ಭಲಾ ಕಿಯಾ?’ ಎಂದು ಹುಡುಗನೊಬ್ಬ ಕೇಳುತ್ತಾನೆ. ಹಿಂದಿನಿಂದ ಅವನ ಗೆಳೆಯರ ನಗು ಕೇಳಿಸುತ್ತದೆ. ನಮ್ಮ ಊರಿನ ಕಡೆಯವರಾದರೆ ಗೌರವವನ್ನೇ ಚುಚ್ಚುಗೋಲಾಗಿಸಿ, ‘ತಮ್ಮಂಥ ದೊಡ್ಡವರ ಸಮಯ ಹಾಳು ಮಾಡಬಹುದೇ?’ ಎನ್ನುತ್ತಾರೆ. ಕೆಲಸ ಬಿಟ್ಟು, ಸಂಬಳವಿಲ್ಲದೆ, ಪ್ಲಾಟ್‌ಫಾರ್ಮಿನ ನೂಕುನುಗ್ಗಲನ್ನು ದಾಟಿ ಬಂದು ಕುಳಿತವರಿಗೆ ಈ ಮಾತು ನಾಟದೆ ಇರುವುದಿಲ್ಲ.

ಈ ವಿಷಯವನ್ನು ಚೆನ್ನಾಗಿ ಅರಿತವರು ನಮ್ಮ ಮುಂಬಯಿಯಲ್ಲಿಯೇ ಇದ್ದರು. 1996ರಲ್ಲಿ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯೋಗವಾಗಿ, ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ, ಮಕ್ಕಳಿಗಾಗಿ ಚೈಲ್ಡ್‌ಲೈನ್ ಆರಂಭವಾಯಿತು. ಅದರ ಸಂಖ್ಯೆ 1098. ಇಳಿಯುವ ಅಂಕಿಗಳ ಲೆಕ್ಕದಲ್ಲಿ ಅದನ್ನು ‘ದಸ್, ನೌ, ಆಠ್’ ಎಂದು ಹೇಳಿಕೊಟ್ಟದ್ದರಿಂದ ಓದು ಬಾರದ ಮಗುವಿಗೂ ಅದು ನೆನಪಿನಲ್ಲಿ ಉಳಿಯುತ್ತಿತ್ತು. ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದಾಗಿದ್ದ ಸಂಖ್ಯೆ ಅದು. ರೈಲು ನಿಲ್ದಾಣಗಳಲ್ಲಿ ಮಲಗುವ ಮಕ್ಕಳು, ಹೋಟೆಲುಗಳಲ್ಲಿ ಲೋಟ ತೊಳೆಯುವ ಮಕ್ಕಳು, ಮನೆ ಬಿಟ್ಟು ಬಂದ ಮಕ್ಕಳು, ಎಲ್ಲರೂ ಸಾರ್ವಜನಿಕ ದೂರವಾಣಿಯಿಂದ ಕಾಸಿಲ್ಲದೆ ಕರೆ ಮಾಡಬಹುದಿತ್ತು. ಹೋಟೆಲಿನ ಮಾತು ಬಂದಾಗ ಕನ್ನಡಿಗರಾದ ನಾವು ಸ್ವಲ್ಪ ತಲೆ ತಗ್ಗಿಸಬೇಕು. ಆ ಲೋಟ ತೊಳೆಯುತ್ತಿದ್ದವರಲ್ಲಿ ಒಂದು ಕಾಲದಲ್ಲಿ ನಮ್ಮ ಜಿಲ್ಲೆಗಳ ಹುಡುಗರು ಕಡಿಮೆಯಿರಲಿಲ್ಲ.

ಉಚಿತ ಸಂಖ್ಯೆಯೊಂದು ಮಕ್ಕಳ ಕೈಗೆ ಸಿಕ್ಕಿದರೆ ಏನಾಗುತ್ತದೆಂದು ನೀವೇ ಊಹಿಸಬಹುದು. ಗೇಲಿಯ ಕರೆ, ಬೈಗುಳದ ಕರೆ, ಹಾಡಿನ ಕರೆ, ಏನೂ ಮಾತನಾಡದೆ ಉಸಿರು ಮಾತ್ರ ಕೇಳಿಸುವ ಕರೆ, ಎಲ್ಲವೂ ಬಂದವು. ಕಚೇರಿಯ ಮನೋಭಾವದವರಾಗಿದ್ದರೆ ಇವುಗಳನ್ನೆಲ್ಲ ‘ವ್ಯರ್ಥ ಕರೆಗಳು’ ಎಂಬ ಒಂದೇ ಕಟ್ಟಿಗೆ ಸೇರಿಸಿ ಬದಿಗಿಡುತ್ತಿದ್ದರು. ಚೈಲ್ಡ್‌ಲೈನಿನವರು ಹಾಗೆ ಮಾಡಲಿಲ್ಲ. ಮೌನದ ಕರೆಗಳನ್ನು ಪ್ರತ್ಯೇಕವಾಗಿ ಲೆಕ್ಕವಿಟ್ಟು, ಅವುಗಳಿಗೂ ತಾಳ್ಮೆಯಿಂದ ಉತ್ತರಿಸಬೇಕೆಂದು ಕಾರ್ಯಕರ್ತರಿಗೆ ಕಲಿಸಿದರು. ಅವರ ಕಾರಣ ಸರಳವಾಗಿತ್ತು. ದೊಡ್ಡವರಿಂದ ಪೆಟ್ಟು ತಿಂದ ಮಗು ದೊಡ್ಡವರ ದನಿಯನ್ನು ಒಮ್ಮೆಗೇ ನಂಬುವುದಿಲ್ಲ. ಮೊದಲು ಕರೆ ಮಾಡಿ ಸುಮ್ಮನಿರುತ್ತದೆ, ಅಥವಾ ತಮಾಷೆ ಮಾಡುತ್ತದೆ. ಆಚೆಯ ಮನುಷ್ಯ ಗದರುತ್ತಾನೋ, ಫೋನು ಇಡುತ್ತಾನೋ, ಕಾಯುತ್ತಾನೋ ಎಂದು ನೋಡುತ್ತದೆ. ಆ ನೋಟ ಮುಗಿದ ಮೇಲೆಯೇ ನಿಜವಾದ ಕರೆ ಬರುತ್ತದೆ. 2023ರಲ್ಲಿ ಈ ವ್ಯವಸ್ಥೆ ಸರ್ಕಾರದ ಸಹಾಯವಾಣಿಗಳೊಡನೆ ಸೇರಿಹೋಯಿತು. ಸಂಖ್ಯೆ ಮಾತ್ರ ಅದೇ ಉಳಿದಿದೆ.

ದೊಡ್ಡವರೂ ಇದನ್ನೇ ಮಾಡುತ್ತಾರೆ ಎಂಬುದು ನನ್ನ ಅನುಭವ. ಸಹಾಯ ಕೇಳುವುದೆಂದರೆ ಕೈ ಚಾಚುವುದು. ಕೈ ಚಾಚಿ ಅಭ್ಯಾಸವಿಲ್ಲದವನು ಮೊದಲು ಕೊಡುವವನನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತಾನೆ, ಆಮೇಲೆ ಕೇಳುತ್ತಾನೆ. ಬೋರಿವಲಿಯ ಆ ಹಿರಿಯರಿಗೆ ಮೊಮ್ಮಗಳ ಶುಲ್ಕಕ್ಕೆ ಹಣ ಬೇಕಾಗಿರಬಹುದು. ನಿಮ್ಮನ್ನು ‘ಸಮಾಜೋದ್ಧಾರಕರು’ ಎಂದು ಚುಚ್ಚಿದ ಮೇಲೆ ಮಾತ್ರ ಅವರಿಗೆ ಅದನ್ನು ಬಾಯಿಬಿಟ್ಟು ಹೇಳಲು ಸಾಧ್ಯ. ಎಲ್ಲ ಅಣಕವೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಕೇವಲ ಹೊತ್ತು ಕಳೆಯಲು ಕೀಟಲೆ ಮಾಡುವವರೂ ಇದ್ದಾರೆ. ಆದರೆ ಮೊದಲ ಹತ್ತು ಸೆಕೆಂಡುಗಳಲ್ಲಿ ಇವರಿಬ್ಬರೂ ಒಂದೇ ರೀತಿ ಕೇಳಿಸುತ್ತಾರೆ. ಕಷ್ಟವಿರುವುದು ಅಲ್ಲಿಯೇ.

ನನ್ನ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಇದೇ ನಗರದ ಸಹಾಯವಾಣಿಯೊಂದರಲ್ಲಿ ರಾತ್ರಿಯ ಪಾಳಿಯಲ್ಲಿ ಕುಳಿತಿದ್ದೆ. ಹೆಂಗಸೊಬ್ಬರು ಕರೆ ಮಾಡಿ, ‘ನಮಸ್ಕಾರ ಸ್ವಾಮಿ, ದುಃಖ ನಿವಾರಣೆಯ ಅಂಗಡಿ ತೆರೆದಿದೆಯೇ?’ ಎಂದರು. ನನಗೆ ಆ ಮಾತು ಚಂದವೆನಿಸಿತು. ನನ್ನ ನಾಲಗೆಯೂ ಚುರುಕು ಎಂದು ತೋರಿಸುವ ಚಪಲಕ್ಕೆ, ‘ತೆರೆದಿದೆ ತಾಯಿ, ಎಷ್ಟು ಕಿಲೋ ದುಃಖ ತಂದಿದ್ದೀರಿ?’ ಎಂದೆ. ಅವರು ನಕ್ಕರು. ನಾನೂ ನಕ್ಕೆ. ‘ಇರಲಿ ಬಿಡಿ’ ಎಂದು ಫೋನು ಇಟ್ಟರು. ಅವರು ಮತ್ತೆ ಕರೆ ಮಾಡಲಿಲ್ಲ. ಗದರುವುದು ತಪ್ಪೆಂದು ನನಗೆ ಗೊತ್ತಿತ್ತು. ನಗೆಗೆ ನಗೆ ಸೇರಿಸುವುದೂ ಗಾಳವನ್ನು ನುಂಗಿದಂತೆಯೇ ಎಂಬುದು ಅಂದಿನವರೆಗೂ ತಿಳಿದಿರಲಿಲ್ಲ. ತಮಾಷೆಗೆ ತಮಾಷೆ ಸೇರಿದಾಗ ಆ ಕರೆ ತಮಾಷೆಯ ಕರೆಯಾಗಿಯೇ ನಿಶ್ಚಯವಾಗಿಬಿಡುತ್ತದೆ. ಅನಂತರ ಅದರೊಳಗೆ ದುಃಖವನ್ನು ತರಲು ಅವರಿಗೆ ದಾರಿ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಾನು ಕಲಿತದ್ದು ಇಷ್ಟು. ನಮಸ್ಕಾರವನ್ನು ನಮಸ್ಕಾರವೆಂದೇ ಸ್ವೀಕರಿಸಬೇಕು. ಅದಕ್ಕೆ ಅಂಟಿಕೊಂಡಿರುವ ಮುಳ್ಳನ್ನು ಮುಟ್ಟಬಾರದು. ಎಲ್ಲ ಕರೆಗಳಿಗೂ ನೀವು ಯಾವ ವಾಕ್ಯದಿಂದ ಉತ್ತರಿಸುತ್ತೀರೋ ಅದೇ ವಾಕ್ಯವನ್ನು, ಅದೇ ವೇಗದಲ್ಲಿ, ಇಲ್ಲಿಯೂ ಹೇಳಬೇಕು. ವೇಗದ ಮಾತನ್ನು ಒತ್ತಿ ಹೇಳುತ್ತೇನೆ. ಚುಚ್ಚುಮಾತು ತಗುಲಿದವನ ದನಿ ತಾನಾಗಿಯೇ ಏರುತ್ತದೆ, ಪದಗಳು ಒಂದರ ಮೇಲೊಂದು ಬೀಳುತ್ತವೆ. ಪದಗಳೆಲ್ಲ ಸಭ್ಯವಾಗಿದ್ದರೂ ಆಚೆಯವರಿಗೆ ಆ ಏರುದನಿಯೇ ಉತ್ತರವಾಗಿ ಕೇಳಿಸುತ್ತದೆ. ಅದಕ್ಕಾಗಿ ಬಾಯಿ ತೆರೆಯುವ ಮುನ್ನ ಒಂದು ಉಸಿರನ್ನು ಪೂರ್ತಿ ಹೊರಗೆ ಬಿಡಿ. ಒಳಗೆ ಎಳೆದುಕೊಳ್ಳಬೇಡಿ. ಎಳೆದುಕೊಂಡ ಉಸಿರು ಫೋನಿನಲ್ಲಿ ನಿಟ್ಟುಸಿರಿನಂತೆ ಕೇಳಿಸಿಬಿಡುತ್ತದೆ.

ಅಣಕದೊಳಗೆ ಅನೇಕ ಸಲ ಒಂದು ಸತ್ಯಾಂಶವಿರುತ್ತದೆ. ಅದನ್ನು ಗುರುತಿಸಿ ಒಪ್ಪಿಕೊಳ್ಳುವುದು ಎರಡನೆಯ ಕೆಲಸ. ‘ಅಂತೂ ಫೋನು ಎತ್ತಿದಿರಲ್ಲ’ ಎಂದರೆ ಗಂಟೆ ಬಹಳ ಹೊತ್ತು ಬಾರಿಸಿರುವುದು ನಿಜ. ‘ಹೌದು, ನೀವು ಕಾಯಬೇಕಾಯಿತು’ ಎಂದು ಹೇಳಿದರೆ ಸಾಕು. ‘ಚುನಾವಣೆ ಹತ್ತಿರ ಬಂತೋ’ ಎಂಬುದರಲ್ಲಿಯೂ ಸತ್ಯವಿದೆ. ಸಮಾಜದ ಹೆಸರಿನಲ್ಲಿ ಹಿಂದೆ ಬಂದವರಲ್ಲಿ ಕೆಲವರು ಮತ ಕೇಳಿ ಹೋದವರೇ. ಅಲ್ಲಿ, ‘ಹಾಗೇನಿಲ್ಲ, ನಾವು ನಿಸ್ವಾರ್ಥವಾಗಿ ದುಡಿಯುತ್ತಿದ್ದೇವೆ’ ಎಂದು ಸಮರ್ಥನೆಗೆ ಇಳಿದಿರೋ, ಕೆಟ್ಟಿತು. ಇನ್ನರ್ಧ ಗಂಟೆ ನಿಮ್ಮ ನಿಸ್ವಾರ್ಥತೆಯ ವಿಚಾರಣೆಯೇ ನಡೆಯುತ್ತದೆ. ಶುಲ್ಕ ಕಟ್ಟಬೇಕಾದ ಮೊಮ್ಮಗಳ ಮಾತು ಬರುವುದೇ ಇಲ್ಲ. ‘ನಮಸ್ಕಾರ. ಇಂಥದೊಂದು ನಂಬರು ಇಷ್ಟು ದಿನ ಇರಲಿಲ್ಲ, ನಿಜ. ಹೇಳಿ, ಯಾವ ವಿಷಯವಾಗಿ ಕರೆ ಮಾಡಿದಿರಿ?’ ಇಷ್ಟೇ ಸಾಕು. ಕ್ಷಮೆಯನ್ನು ಎರಡು ಸಲ ಕೇಳಬೇಡಿ. ಎರಡನೆಯ ಕ್ಷಮೆ ಇನ್ನೊಂದು ಏಟಿಗೆ ಆಹ್ವಾನವಾಗುತ್ತದೆ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವಿದೆ. ಕೆಣಕಿದವರಿಗೆ ಅತಿ ವಿನಯವನ್ನು ತೋರಿಸುವ ಅಭ್ಯಾಸ ಸುಶಿಕ್ಷಿತರಲ್ಲಿ ಹೆಚ್ಚು. ಎಲ್ಲರಿಗೂ ‘ನೀವು’ ಎನ್ನುವವರು ಅಣಕಿಸಿದವರಿಗೆ ಮಾತ್ರ ‘ತಾವು’ ಎನ್ನತೊಡಗುತ್ತಾರೆ. ‘ತಾವು ದಯಮಾಡಿ ತಮ್ಮ ಸಮಸ್ಯೆಯನ್ನು ಅಪ್ಪಣೆ ಕೊಡಿಸಬಹುದೇ?’ ಎಂಬ ವಾಕ್ಯದಲ್ಲಿ ಒಂದೂ ಕೆಟ್ಟ ಪದವಿಲ್ಲ. ಆದರೂ ಅದು ಕೆನ್ನೆಗೆ ಹೊಡೆದಂತಿದೆ. ಹಿಂದಿಯಲ್ಲಿಯೂ ಹಾಗೆಯೇ. ಎಲ್ಲರಿಗೂ ‘ಆಪ್’ ಎನ್ನುವುದಾದರೆ ಕೀಟಲೆಯ ಹುಡುಗನಿಗೂ ‘ಆಪ್’ ಇರಲಿ. ಅವನು ‘ತೂ’ ಎಂದನೆಂದು ನೀವು ‘ತೂ’ ಎನ್ನಬೇಡಿ. ಹಾಗೆಂದು ‘ಜೀ ಹುಜೂರ್’ ಎಂದು ಮೇಲೆಯೂ ಏರಬೇಡಿ. ಮರಾಠಿಯ ‘ತುಮ್ಹೀ’ಗೂ ಇದೇ ನಿಯಮ. ಸಭ್ಯತೆಯ ಮಟ್ಟವನ್ನು ಎದುರಿನವರು ಏರಿಸಲೂ ಆಗಬಾರದು, ಇಳಿಸಲೂ ಆಗಬಾರದು.

ನಮ್ಮ ಆಚಾರ್ಯರು ವಾಗ್ಗುಪ್ತಿಯನ್ನೂ ಭಾಷಾ ಸಮಿತಿಯನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದಾರೆ. ಮಾತನ್ನು ತಡೆಹಿಡಿಯುವುದು ಮೊದಲನೆಯದು, ಮಾತನಾಡುವಾಗ ಎಚ್ಚರದಿಂದಿರುವುದು ಎರಡನೆಯದು. ಅವು ಮುನಿಗಳಿಗೆ ಹೇಳಿದ ಮಾತುಗಳು, ಅವನ್ನು ಫೋನಿನ ಮೇಜಿಗೆ ಎಳೆತರುವುದಕ್ಕೆ ನನಗೆ ಸಂಕೋಚವೇ ಇದೆ. ಆದರೂ ಆ ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಹಾಯವಾಣಿಯಲ್ಲಿ ಕುಳಿತವನು ಹಲ್ಲು ಕಚ್ಚಿ ಸುಮ್ಮನಿದ್ದರೆ ಅದನ್ನು ಸಂಯಮವೆಂದು ಆಚೆಯವರು ತಿಳಿಯುವುದಿಲ್ಲ, ಮುನಿಸೆಂದೇ ತಿಳಿಯುತ್ತಾರೆ. ಆದುದರಿಂದ ಅವನು ಮಾತನಾಡಲೇಬೇಕು. ಅವನಿಗೆ ಬೇಕಾಗಿರುವುದು ಎರಡನೆಯದು.

ಈಗ ಒಂದು ರಾತ್ರಿಯ ಪ್ರಸಂಗವನ್ನು ಪೂರ್ತಿಯಾಗಿ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ರಾತ್ರಿ ಹನ್ನೊಂದು ಕಳೆದಿತ್ತು. ಫೋನು ಎತ್ತಿದೊಡನೆ ಹತ್ತು ಹನ್ನೆರಡು ವರ್ಷದ ಹುಡುಗನ ದನಿ, ‘ನಮಸ್ತೇ ನಮಸ್ತೇ, ಗರೀಬೋಂ ಕೇ ಮಸೀಹಾ! ಸೋ ಗಯೇ ಥೇ ಕ್ಯಾ?’ ಎಂದಿತು. ಬಡವರ ಉದ್ಧಾರಕನೇ, ಮಲಗಿಬಿಟ್ಟಿದ್ದೆಯಾ ಎಂದು ಅರ್ಥ. ಹಿಂದೆ ಎರಡು ಮೂರು ಮಕ್ಕಳ ನಗು. ಅದರ ಹಿಂದೆ ಲೋಕಲ್ ರೈಲಿನ ಘೋಷಣೆ. ಅಂದು ಫೋನು ಎತ್ತಿದ್ದು ನಾನಲ್ಲ, ನನ್ನ ಪಕ್ಕದಲ್ಲಿ ಕುಳಿತಿದ್ದ ಯುವತಿ. ಆಕೆ ಉಸಿರು ಬಿಟ್ಟು, ‘ನಮಸ್ತೇ. ಫೋನ್ ಉಠಾನೇ ಮೇಂ ದೇರ್ ಹುಯೀ. ಬೋಲಿಯೇ’ ಎಂದಳು. ಆಚೆಯಿಂದ, ‘ದೋ ವಡಾಪಾವ್ ಭೇಜ್ ದೋ!’ ಎಂಬ ಆಜ್ಞೆ ಬಂದಿತು. ನಾನಾಗಿದ್ದರೆ ಇದು ಹೋಟೆಲಲ್ಲವಪ್ಪ ಎಂದುಬಿಡುತ್ತಿದ್ದೆ. ಆಕೆ ಆ ಮಾತನ್ನೂ ನೇರವಾಗಿಯೇ ತೆಗೆದುಕೊಂಡು, ‘ಭೂಖ್ ಲಗೀ ಹೈ?’ ಎಂದು ಕೇಳಿದಳು. ನಗು ನಿಂತಿತು. ಫೋನು ಕಟ್ಟಾಯಿತು.

ಹತ್ತು ನಿಮಿಷದ ಬಳಿಕ ಮತ್ತೆ ಗಂಟೆ. ಈ ಸಲ ಮಾತಿಲ್ಲ, ರೈಲಿನ ಸದ್ದು ಮಾತ್ರ. ‘ನಮಸ್ತೇ. ಮೈಂ ಸುನ್ ರಹೀ ಹೂಂ’ ಎಂದು ಹೇಳಿ ಆಕೆ ಕಾದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಅದನ್ನೇ ಹೇಳಿ ಕಾದಳು. ನೀನು ಯಾರು, ಎಲ್ಲಿಂದ ಮಾತನಾಡುತ್ತಿದ್ದೀ ಎಂದು ಕೇಳಲಿಲ್ಲ. ಬೀದಿಯ ಹುಡುಗನಿಗೆ ಆ ಎರಡು ಪ್ರಶ್ನೆಗಳನ್ನು ಕೇಳುವವರು ಪೊಲೀಸರು. ಮತ್ತೆ ಕಟ್ಟಾಯಿತು. ಮೂರನೆಯ ಕರೆ ಬಂದಾಗ ಅದೇ ಹುಡುಗ, ಆದರೆ ಹಿಂದೆ ನಗುವಿರಲಿಲ್ಲ. ಜೊತೆಯ ಹುಡುಗನಿಗೆ ಎರಡು ದಿನದಿಂದ ಜ್ವರ, ಪಾದಚಾರಿ ಸೇತುವೆಯ ಕೆಳಗೆ ಮಲಗಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದ. ಯಾವ ನಿಲ್ದಾಣ, ಯಾವ ಕಡೆಯ ಸೇತುವೆ ಎಂದು ಆಕೆ ಈಗ ಕೇಳಿದಳು. ಹುಡುಗ ಹೇಳಿದ. ಜನ ಹೊರಟರು, ಜ್ವರದ ಹುಡುಗ ಆಸ್ಪತ್ರೆಗೆ ಸೇರಿದ.

ಮೊದಲ ಕರೆಯಲ್ಲಿಯೇ ಹುಡುಗ ಏಕೆ ಹೇಳಲಿಲ್ಲವೆಂದು ನೀವು ಕೇಳಬಹುದು. ಎರಡು ದಿನಗಳ ಜ್ವರವಿದ್ದಾಗ ತಮಾಷೆ ಮಾಡುವವರು ಯಾರು? ನನಗೆ ತೋರುವಂತೆ, ಗೆಳೆಯರ ಮುಂದೆ ತಾನು ಅಂಗಲಾಚುತ್ತಿಲ್ಲವೆಂದು ಅವನು ತೋರಿಸಬೇಕಾಗಿತ್ತು. ಆಮೇಲೆ ಗೆಳೆಯರನ್ನು ಬಿಟ್ಟು ಒಬ್ಬನೇ ಬಂದ. ಮೊದಲ ಕರೆಯನ್ನು ನಾನು ನನ್ನ ಆ ಚುರುಕು ನಾಲಗೆಯಿಂದ ಎತ್ತಿದ್ದರೆ ಎರಡನೆಯದು ಬರುತ್ತಿತ್ತೇ?

ಕೀಟಲೆಗಾರನನ್ನೂ ಕಷ್ಟದಲ್ಲಿರುವವನನ್ನೂ ಬೇರ್ಪಡಿಸಲು ಸಾಧ್ಯವಿಲ್ಲವೇ? ಸ್ವಲ್ಪಮಟ್ಟಿಗೆ ಸಾಧ್ಯ. ಆ ಯುವತಿ ಮಾಡಿದಂತೆ ಒಂದು ನೇರವಾದ ಪ್ರಶ್ನೆಯನ್ನು ಕೇಳಿ ಸುಮ್ಮನಾಗಿ. ಬರೀ ಕೀಟಲೆಗೆ ಬಂದವನಿಗೆ ಆ ಮೌನವನ್ನು ತಾಳಲಾಗುವುದಿಲ್ಲ, ತಕ್ಷಣವೇ ಇನ್ನೊಂದು ನಗೆಚಾಟಿಕೆಯನ್ನು ಎಸೆಯುತ್ತಾನೆ. ಎರಡು ಮೂರು ಎಸೆದು, ಏನೂ ಸಿಕ್ಕದೆ, ಬೇಸರದಿಂದ ಹೋಗುತ್ತಾನೆ. ಒಳಗೆ ವಿಷಯವಿದ್ದವರು ಆ ಮೌನದಲ್ಲಿ ತಡೆಯುತ್ತಾರೆ, ಉಸಿರು ಬದಲಾಗುತ್ತದೆ, ‘ಅಲ್ಲ, ಅದು...’ ಎನ್ನುತ್ತಾರೆ. ಇದು ಖಚಿತವಾದ ಪರೀಕ್ಷೆಯಲ್ಲ. ತಪ್ಪಿದ್ದೂ ಉಂಟು. ಆದರೆ ಕೀಟಲೆಗಾರನಿಗೆ ಎರಡು ನಿಮಿಷ ಕೊಟ್ಟರೆ ನಿಮಗೆ ಆಗುವ ನಷ್ಟ ಎರಡು ನಿಮಿಷ. ಸಾಲಿನಲ್ಲಿ ಬೇರೆಯವರು ಕಾಯುತ್ತಿದ್ದರೆ, ‘ಈಗ ನಾನು ಇನ್ನೊಂದು ಕರೆ ತೆಗೆದುಕೊಳ್ಳಬೇಕು. ಹೇಳುವುದಿದ್ದರೆ ಮತ್ತೆ ಮಾಡಿ, ಎತ್ತುತ್ತೇನೆ’ ಎಂದು ಹೇಳಿ ಇಡಬಹುದು. ಅದು ಸುಳ್ಳಲ್ಲ, ಬಾಗಿಲು ಮುಚ್ಚಿದ್ದೂ ಅಲ್ಲ.

ಇದೆಲ್ಲವೂ ಅಣಕಕ್ಕೆ ಸಂಬಂಧಿಸಿದ ಮಾತು. ಅಶ್ಲೀಲಕ್ಕೂ ಬೆದರಿಕೆಗೂ ಇದು ಅನ್ವಯಿಸುವುದಿಲ್ಲ. ಇಲ್ಲಿ ಸೋದರಿಯರು ಅನೇಕರಿದ್ದೀರಿ, ಅದಕ್ಕಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಹೆಣ್ಣು ದನಿ ಕೇಳಿದೊಡನೆ ಹೊಲಸು ಮಾತನಾಡುವವನು ನಿಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತಿಲ್ಲ, ಅವನಿಗೆ ಬೇಕಾದದ್ದು ನಿಮ್ಮ ದನಿಯೇ. ‘ಈ ಮಾತು ಮುಂದುವರಿದರೆ ಫೋನು ಇಡುತ್ತೇನೆ’ ಎಂದು ಒಮ್ಮೆ ಹೇಳಿ. ಮುಂದುವರಿದರೆ ಇಡಿ. ಎರಡನೆಯ ಎಚ್ಚರಿಕೆ ಬೇಡ, ವಾದ ಬೇಡ, ಶಾಪವೂ ಬೇಡ. ಸಂಖ್ಯೆಯನ್ನೂ ಸಮಯವನ್ನೂ ಬರೆದು ಮೇಲ್ವಿಚಾರಕರಿಗೆ ಕೊಡಿ. ಸಹನೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಇಂತಹ ಕರೆಯ ಮುಂದೆ ಕೂರಿಸಿ ಇಡುವ ಸಂಸ್ಥೆ ಯಾವುದೇ ಇರಲಿ, ಅದರ ಧರ್ಮಬುದ್ಧಿಯಲ್ಲಿ ನನಗೆ ವಿಶ್ವಾಸವಿಲ್ಲ. ಈ ಮಾತನ್ನು ಅಧ್ಯಕ್ಷರ ಎದುರಿನಲ್ಲಿಯೇ ಹೇಳುತ್ತಿದ್ದೇನೆ.

ಕರೆ ಮುಗಿದ ಬಳಿಕದ ಕೆಲಸವನ್ನು ಹೊಸಬರು ಮರೆಯುತ್ತಾರೆ. ಅಣಕ ತಾಗಿದ ನೋವು ಆ ಕರೆಯಲ್ಲಿ ಹೊರಬರದಿದ್ದರೆ ಮುಂದಿನ ಕರೆಯಲ್ಲಿ ಹೊರಬರುತ್ತದೆ. ನಿಮ್ಮನ್ನು ಚುಚ್ಚಿದವನು ತಪ್ಪಿಸಿಕೊಂಡ, ಪಾಪ, ಏನೂ ಅರಿಯದ ವೃದ್ಧೆಯೊಬ್ಬರು ನಿಮ್ಮ ಬಿರುಸನ್ನು ಉಣ್ಣುತ್ತಾರೆ. ಆದುದರಿಂದ ಫೋನು ಇಟ್ಟ ಮೇಲೆ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಅನಂತರ ದಾಖಲೆ ಪುಸ್ತಕದಲ್ಲಿ ಆ ಕರೆಯನ್ನು ಬರೆಯಿರಿ. ಬರೆಯುವಾಗ ಅವರು ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ. ‘ಉದ್ಧಟತನದ ಕರೆ’ ಎಂದು ಷರಾ ಹಾಕಬೇಡಿ. ನೀವು ಉದ್ಧಟನೆಂದು ಬರೆದರೆ ಮುಂದಿನ ಪಾಳಿಯವರು ಆ ಸಂಖ್ಯೆಯನ್ನು ಕಂಡೊಡನೆ ಮೊದಲೇ ಮುಖ ಗಂಟಿಕ್ಕುತ್ತಾರೆ. ‘ರಾತ್ರಿ 11.10. ಹುಡುಗ. ಗರೀಬೋಂ ಕೇ ಮಸೀಹಾ ಎಂದ. ವಡಾಪಾವ್ ಕೇಳಿದ. ಹಸಿವೇ ಎಂದು ಕೇಳಿದಾಗ ಕಟ್ ಮಾಡಿದ. ಹಿಂದೆ ರೈಲಿನ ಸದ್ದು.’ ಆ ಯುವತಿ ಬರೆದದ್ದು ಹೀಗೆ. ಇದನ್ನು ಓದಿದವರಿಗೆ ಮುಂದಿನ ಕರೆಯನ್ನು ಹೇಗೆ ಎತ್ತಬೇಕೆಂದು ಬೇರೆ ಹೇಳಬೇಕಾಗಿರಲಿಲ್ಲ.

ಆ ಹುಡುಗ ಮರುದಿನ ರಾತ್ರಿ ಮತ್ತೆ ಕರೆ ಮಾಡಿದ. ಜ್ವರ ಹೇಗಿದೆಯೆಂದು ವಿಚಾರಿಸಲು. ಅಂದು ಫೋನು ಎತ್ತಿದ್ದು ನಾನು. ‘ನಮಸ್ತೇ ನಮಸ್ತೇ, ಗರೀಬೋಂ ಕೇ ಮಸೀಹಾ! ಸೋ ಗಯೇ ಥೇ ಕ್ಯಾ?’ ಎಂದ. ‘ನಮಸ್ತೇ. ಬೋಲಿಯೇ’ ಎಂದೆ. ‘ಆಪ್ ನಹೀಂ, ವೋ ದೀದೀ ಕೋ ದೋ’ ಎಂದ.